ರಾಗಿ ಮುದ್ದೆ ಉಣ್ತೀವಿ, ವಾಕಿಂಗ್ ಮಾಡ್ತೀವಿ. ಆದರೂ ಮೂಳೆ ಯಾಕೆ ಟೊಳ್ಳಾಗುತ್ತೆ?

(ಆರೋಗ್ಯ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತು ಐವತ್ತು ದಾಟಿದವರ ಮೂಳೆಯ ಬಗ್ಗೆ ಮಾತಾಡೋಣ. ಮೊದಲಿಗೆ ಒಂದು ಗೊಂದಲ ಬಿಡಿಸಿಬಿಡ್ತೀನಿ. ನಮ್ಮಲ್ಲಿ ‘ಮೂಳೆ ಸವೆದಿದೆ’ ಅನ್ನೋ ಮಾತು ಎರಡು ಬೇರೆ ಬೇರೆ ಕಾಯಿಲೆಗಳಿಗೂ ಬಳಕೆಯಾಗುತ್ತೆ. ಮಂಡಿ ನೋವು ಅಂತ ಬಂದವರಿಗೆ ಎಕ್ಸ್‌ರೇ ನೋಡಿ ‘ಸವೆದಿದೆ’ ಅಂದರೆ, ಅಲ್ಲಿ ಸವೆದಿರೋದು ಕೀಲಿನ ಮೇಲಿರುವ ಮೃದು ಎಲುಬಿನ ಪದರ. ಅದು ಸಂಧಿವಾತ. ಅದು ನೋಯುತ್ತೆ, ಹತ್ತಿ ಇಳಿಯೋದಕ್ಕೆ ಕಷ್ಟ ಆಗುತ್ತೆ. ನಾನು ಇವತ್ತು ಹೇಳೋದು ಆಸ್ಟಿಯೊಪೊರೋಸಿಸ್ ಬಗ್ಗೆ, ಅಂದರೆ ಮೂಳೆಯ ಒಳಗಿನ ಹೆಣಿಗೆಯೇ ತೆಳುವಾಗಿ ಟೊಳ್ಳಾಗೋದು. ಇದು ನೋಯೋದೇ ಇಲ್ಲ. ಮುರಿದಾಗಲೇ ಗೊತ್ತಾಗೋದು. ಹಾಗಾಗಿ ‘ನನಗೆ ಎಲ್ಲೂ ನೋವಿಲ್ಲ, ನನ್ನ ಮೂಳೆ ಗಟ್ಟಿ ಇದೆ’ ಅನ್ನೋ ಮಾತಿಗೆ ಅರ್ಥ ಇಲ್ಲ.

ಇದನ್ನು ಒಬ್ಬರ ಉದಾಹರಣೆ ಇಟ್ಟುಕೊಂಡು ನೋಡೋಣ. ಹೆಸರು ಸಾವಿತ್ರಮ್ಮ ಅಂತ ಇಟ್ಕೊಳ್ಳಿ, ನಿಜವಾದ ಹೆಸರಲ್ಲ. ಚಿಕಿತ್ಸಾಲಯದಲ್ಲಿ ನಾನು ಮತ್ತೆ ಮತ್ತೆ ನೋಡುವ ನಾಲ್ಕೈದು ಜನರನ್ನು ಸೇರಿಸಿ ಮಾಡಿದ ಚಿತ್ರ ಇದು. ವಯಸ್ಸು 58, ತುಮಕೂರು ಕಡೆಯವರು. ಮುಟ್ಟು ನಿಂತಿದ್ದು 47ಕ್ಕೆ. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಡೋಕೆ ಹೋದಾಗ ಕಾಲು ಜಾರಿತು, ಕೈ ಊರಿದರು, ಮಣಿಕಟ್ಟಿನ ಮೂಳೆ ಮುರೀತು. ಕಟ್ಟು ಹಾಕಿಸಿಕೊಂಡು, ಆರು ವಾರ ಕಳೆದು ಬಂದಾಗ ಅವರು ಕೇಳಿದ್ದು ಇಷ್ಟೇ: ‘ಡಾಕ್ಟ್ರೇ, ನಾನು ದಿನಾ ಮುದ್ದೆ ಉಣ್ತೀನಿ. ಬೆಳಿಗ್ಗೆ ಎಳೆ ಬಿಸಿಲಲ್ಲಿ ವಾಕಿಂಗ್ ಹೋಗ್ತೀನಿ. ನನಗ್ಯಾಕೆ ಹಿಂಗಾಯ್ತು?’

ಒಳ್ಳೆ ಪ್ರಶ್ನೆ. ಊಟ, ಬಿಸಿಲು, ವ್ಯಾಯಾಮ, ಈ ಮೂರೂ ಅವರ ಲೆಕ್ಕದಲ್ಲಿ ಸರಿಯಾಗೇ ಇತ್ತು. ಒಂದೊಂದನ್ನೂ ಅಳೆದು ನೋಡಿದಾಗ ಬೇರೆಯೇ ಕಥೆ.

ಅದಕ್ಕೂ ಮೊದಲು, ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದರೆ ಅದನ್ನು ‘ಜಾರಿ ಬಿದ್ದೆ’ ಅಂತ ಬಿಟ್ಟುಬಿಡಬಾರದು. ಬೈಕಿಂದ ಬಿದ್ದರೆ, ಮಹಡಿಯಿಂದ ಬಿದ್ದರೆ ಯಾರ ಮೂಳೆಯಾದರೂ ಮುರಿಯುತ್ತೆ. ಸಮ ನೆಲದ ಮೇಲೆ ಬಿದ್ದಿದ್ದಕ್ಕೆ ಮುರಿದರೆ ಮೂಳೆಯನ್ನೇ ಅನುಮಾನಿಸಬೇಕು. ಎಷ್ಟೋ ಕಡೆ ಕಟ್ಟು ಹಾಕಿ ಕಳಿಸಿಬಿಡ್ತಾರೆ, ಸಾಂದ್ರತೆ ಪರೀಕ್ಷೆ ಮಾಡಿಸಿ ಅನ್ನೋದಿಲ್ಲ. ಮಣಿಕಟ್ಟು ಮುರಿದಾಗ ಎಚ್ಚೆತ್ತುಕೊಂಡರೆ ಮುಂದೆ ಸೊಂಟ ಮುರಿಯೋದನ್ನು ತಪ್ಪಿಸೋಕೆ ಸಾಕಷ್ಟು ಸಮಯ ಇರುತ್ತೆ.

ಸಾವಿತ್ರಮ್ಮನವರಿಗೆ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ವಿ. ಮಲಗಿದಲ್ಲೇ ಸೊಂಟ ಮತ್ತು ಬೆನ್ನಿನ ಕೆಳಭಾಗದ ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ ಇದು. ಹತ್ತು ಹದಿನೈದು ನಿಮಿಷದ ಕೆಲಸ, ವಿಕಿರಣ ಬಹಳ ಕಡಿಮೆ. ಇದರಲ್ಲಿ ‘ಟಿ ಸ್ಕೋರ್’ ಅಂತ ಒಂದು ಅಂಕಿ ಬರುತ್ತೆ. ಆರೋಗ್ಯವಂತ ಯುವತಿಯ ಮೂಳೆಗೆ ಹೋಲಿಸಿದರೆ ನಿಮ್ಮದು ಎಷ್ಟು ಕೆಳಗಿದೆ ಅಂತ ಅದು ಹೇಳುತ್ತೆ. ಮೈನಸ್ 1ರವರೆಗೆ ಸಹಜ. ಮೈನಸ್ 1ರಿಂದ 2.5ರ ನಡುವೆ ಇದ್ದರೆ ಸಾಂದ್ರತೆ ಕಡಿಮೆ. ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಹೋದರೆ ಆಸ್ಟಿಯೊಪೊರೋಸಿಸ್. ಇವರದು ಬೆನ್ನಿನಲ್ಲಿ ಮೈನಸ್ 2.8, ಸೊಂಟದಲ್ಲಿ ಮೈನಸ್ 2.1. ಇನ್ನೊಂದು ಮಾತು. ಉಚಿತ ಶಿಬಿರಗಳಲ್ಲಿ ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು ನೋಡ್ತಾರಲ್ಲ, ಅದು ಅಲ್ಟ್ರಾಸೌಂಡ್. ಅದರಲ್ಲಿ ಕಡಿಮೆ ಬಂದರೆ ಡೆಕ್ಸಾ ಮಾಡಿಸಿಕೊಳ್ಳೋಕೆ ಒಂದು ಸೂಚನೆ ಅಂತ ತಗೊಳ್ಳಿ. ಅದನ್ನೇ ನಂಬಿ ಮಾತ್ರೆ ಶುರು ಮಾಡಬೇಡಿ.

ಐವತ್ತರ ಆಸುಪಾಸಿನಲ್ಲೇ ಇದು ಯಾಕೆ ಆಗುತ್ತೆ? ಮೂಳೆ ಕಲ್ಲಿನ ಕಂಬ ಅಲ್ಲ. ಅಲ್ಲಿ ಸದಾ ರಿಪೇರಿ ನಡೀತಾನೇ ಇರುತ್ತೆ. ಒಂದು ಗುಂಪಿನ ಜೀವಕೋಶಗಳು ಹಳೆಯದನ್ನು ಕೆರೆದು ತೆಗೀತವೆ, ಇನ್ನೊಂದು ಗುಂಪು ಹೊಸ ಗಾರೆ ತುಂಬುತ್ತೆ. ಕೆರೆಯೋ ಗುಂಪನ್ನು ಹತೋಟಿಯಲ್ಲಿ ಇಡೋದು ಈಸ್ಟ್ರೊಜೆನ್ ಹಾರ್ಮೋನು. ಮುಟ್ಟು ನಿಂತಾಗ ಆ ಹಾರ್ಮೋನು ಕುಸಿಯುತ್ತೆ, ಕೆರೆಯೋದು ಜೋರಾಗುತ್ತೆ, ತುಂಬೋರು ಅದೇ ವೇಗದಲ್ಲಿ ತುಂಬೋಕಾಗಲ್ಲ. ಮೊದಲ ಐದಾರು ವರ್ಷದಲ್ಲೇ ಮೂಳೆಯ ಹತ್ತರಲ್ಲೊಂದು ಪಾಲು ಹೋಗಬಹುದು, ಕೆಲವರಲ್ಲಿ ಅದಕ್ಕಿಂತ ಹೆಚ್ಚು. ಆಮೇಲೆ ನಷ್ಟ ನಿಧಾನ ಆಗುತ್ತೆ, ಆದರೆ ನಿಲ್ಲಲ್ಲ. ಗಂಡಸರಿಗೆ ಹೀಗೆ ಥಟ್ಟನೆ ಕುಸಿಯಲ್ಲ, ಹತ್ತು ಹದಿನೈದು ವರ್ಷ ತಡವಾಗಿ ಇದೇ ಜಾಗಕ್ಕೆ ಬರ್ತಾರೆ. ಕುಡಿತ, ಧೂಮಪಾನ, ಆಸ್ತಮಾ ಅಥವಾ ಕೀಲುವಾತಕ್ಕೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ಇದ್ದರೆ ಗಂಡಸರಿಗೂ ಬೇಗ ಬರುತ್ತೆ.

ಈಗ ಊಟದ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತ ಹೆಂಗಸರಿಗೆ 1200. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಅನ್ನೋದು ನಿಜ. 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತೆ, ಅಕ್ಕಿ ಗೋಧಿ ಅದರ ಹತ್ತಿರಕ್ಕೂ ಬರಲ್ಲ. ಆದರೆ ಸಾವಿತ್ರಮ್ಮ ಉಣ್ಣೋದು ಮಧ್ಯಾಹ್ನ ಒಂದು ಸಣ್ಣ ಮುದ್ದೆ. ಮುದ್ದೆಯ ತೂಕದಲ್ಲಿ ಹೆಚ್ಚಿನ ಪಾಲು ನೀರು. ಹಿಟ್ಟು ಇರೋದು ಸುಮಾರು 70 ಗ್ರಾಂ, ಅಂದರೆ 250 ಮಿಲಿಗ್ರಾಂ ಕ್ಯಾಲ್ಸಿಯಂ. ಎರಡು ಲೋಟ ಕಾಫಿಯಲ್ಲಿ ಒಟ್ಟು 100 ಮಿಲಿಲೀಟರ್ ಹಾಲು, ಅದರಿಂದ 120. ಊಟದ ಕೊನೆಗೆ ನೀರು ಮಜ್ಜಿಗೆ, ಅದರಿಂದ 60. ಇಡ್ಲಿ, ಅನ್ನ, ಬೇಳೆ ಸಾರು, ಪಲ್ಯ ಎಲ್ಲ ಸೇರಿ 120 ಅಂತ ಹಿಡೀರಿ. ಒಟ್ಟು 550. ಬೇಕಾದ್ದರಲ್ಲಿ ಅರ್ಧವೂ ಇಲ್ಲ.

ಕಡಿಮೆ ಬಿದ್ದರೆ ಏನಾಗುತ್ತೆ? ರಕ್ತದಲ್ಲಿ ಕ್ಯಾಲ್ಸಿಯಂ ಒಂದು ಮಟ್ಟದಲ್ಲಿ ಇರಲೇಬೇಕು, ಹೃದಯ ಮತ್ತು ನರಗಳ ಕೆಲಸಕ್ಕೆ ಅದು ಬೇಕು. ಊಟದಿಂದ ಬರದಿದ್ದರೆ ದೇಹ ಮೂಳೆಯಿಂದ ಕಿತ್ತುಕೊಳ್ಳುತ್ತೆ. ಅದಕ್ಕೇ ರಕ್ತ ಪರೀಕ್ಷೆಯಲ್ಲಿ ‘ಕ್ಯಾಲ್ಸಿಯಂ ನಾರ್ಮಲ್’ ಅಂತ ಬಂದರೆ ಮೂಳೆ ಚೆನ್ನಾಗಿದೆ ಅಂತ ಅಲ್ಲ. ಮೂಳೆ ಕರಗಿಸಿಯೇ ಅದನ್ನು ನಾರ್ಮಲ್ ಇಟ್ಟಿರಬಹುದು.

ಅವರ ಊಟವನ್ನು ನಾವು ಪೂರ್ತಿ ಬದಲಾಯಿಸಲಿಲ್ಲ. ರಾತ್ರಿ ಒಂದು ಲೋಟ ಹಾಲು ಸೇರಿಸಿದ್ವಿ, 200 ಮಿಲಿಲೀಟರ್, ಅದರಿಂದ 240. ನೀರು ಮಜ್ಜಿಗೆ ಜೊತೆಗೆ ಒಂದು ಬಟ್ಟಲು ಗಟ್ಟಿ ಮೊಸರು, 180. ಸಂಜೆ ಬಿಸ್ಕತ್ತಿನ ಬದಲು ಮೊಳಕೆ ಕಟ್ಟಿದ ರಾಗಿಯ ಮಾಲ್ಟ್, 30 ಗ್ರಾಂ ಹಿಟ್ಟು, 100. ಊಟಕ್ಕೆ ಎಳ್ಳಿನ ಚಟ್ನಿಪುಡಿ, ಹತ್ತು ಗ್ರಾಂ ಎಳ್ಳು ಅಂದರೆ 120ರ ಆಸುಪಾಸು. ಕೂಡಿಸಿದರೆ 1200ರ ಹತ್ತಿರ ಬಂತು. ಮೊಳಕೆ ಯಾಕೆ ಅಂದರೆ, ರಾಗಿಯಲ್ಲಿರುವ ಫೈಟೇಟ್ ಅನ್ನೋ ಅಂಶ ಕ್ಯಾಲ್ಸಿಯಂ ಹೀರಿಕೊಳ್ಳೋದಕ್ಕೆ ಅಡ್ಡ ಬರುತ್ತೆ. ಮೊಳಕೆ ಬರಿಸಿದಾಗ, ಹುಳಿ ಬರಿಸಿ ಅಂಬಲಿ ಮಾಡಿದಾಗ ಅದು ಕಡಿಮೆಯಾಗುತ್ತೆ. ಹಾಗೇ ಸೊಪ್ಪುಗಳೆಲ್ಲ ಒಂದೇ ಅಲ್ಲ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಆಕ್ಸಲೇಟ್ ಅದನ್ನು ಹಿಡಿದಿಟ್ಟುಕೊಳ್ಳೋದರಿಂದ ದೇಹಕ್ಕೆ ಸಿಗೋದು ನೂರರಲ್ಲಿ ಐದರಷ್ಟು ಮಾತ್ರ. ಹಾಲಿನಲ್ಲಿ ಅದು ಮೂವತ್ತರಷ್ಟು. ಸೊಪ್ಪು ಬೇಕು ಅಂದರೆ ನುಗ್ಗೆಸೊಪ್ಪು ನನ್ನ ಮೊದಲ ಆಯ್ಕೆ. ಹಿತ್ತಲಲ್ಲೇ ಮರ ಇಟ್ಟುಕೊಂಡು ಪೇಟೆಯಿಂದ ಪಾಲಕ್ ತರೋರನ್ನು ನೋಡಿದರೆ ನನಗೆ ಸ್ವಲ್ಪ ಬೇಜಾರೇ ಆಗುತ್ತೆ. ಮೀನು ತಿನ್ನೋರಾದರೆ ಮುಳ್ಳು ಸಮೇತ ಅಗಿಯೋ ಸಣ್ಣ ಮೀನು ಒಳ್ಳೆಯದು.

ಹಾಲು ಒಗ್ಗದವರಿಗೆ, ಇಷ್ಟು ತಿನ್ನೋಕಾಗದವರಿಗೆ ಮಾತ್ರೆ ಕೊಡ್ತೀವಿ, ಕಡಿಮೆ ಬೀಳುವಷ್ಟಕ್ಕೆ ಮಾತ್ರ. ಡಬ್ಬಿಯ ಮೇಲೆ ‘ಕ್ಯಾಲ್ಸಿಯಂ ಕಾರ್ಬೊನೇಟ್ 1250’ ಅಂತ ಇದ್ದರೆ ಅದರಲ್ಲಿರುವ ಕ್ಯಾಲ್ಸಿಯಂ 500 ಮಿಲಿಗ್ರಾಂ. ಕಾರ್ಬೊನೇಟ್ ಮಾತ್ರೆಯನ್ನು ಊಟದ ಜೊತೆಗೇ ತಗೋಬೇಕು. ಥೈರಾಯ್ಡ್ ಮಾತ್ರೆ ನುಂಗೋರು ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಕೆಲಸ ಮಾಡಲ್ಲ.

ಇನ್ನು ಬಿಸಿಲು. ಸಾವಿತ್ರಮ್ಮನವರ ರಕ್ತದಲ್ಲಿ ವಿಟಮಿನ್ ಡಿ ಇದ್ದದ್ದು 11 ನ್ಯಾನೋಗ್ರಾಂ. 20ಕ್ಕಿಂತ ಕಡಿಮೆ ಇದ್ದರೆ ಕೊರತೆ ಅಂತ ಲೆಕ್ಕ. ವಿಟಮಿನ್ ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರಲ್ಲ. ‘ದಿನಾ ಬೆಳಿಗ್ಗೆ ಬಿಸಿಲಿಗೆ ಹೋಗ್ತೀನಲ್ಲ!’ ಅಂತ ಅವರಿಗೆ ಆಶ್ಚರ್ಯ. ಹೋಗ್ತಿದ್ದದ್ದು ಆರೂವರೆಗೆ, ಸ್ವೆಟರ್ ಹಾಕಿ, ಶಾಲು ಹೊದ್ದು.

ಚರ್ಮದಲ್ಲಿ ವಿಟಮಿನ್ ಡಿ ಮಾಡೋದು ಸೂರ್ಯನ ನೇರಳಾತೀತ ಬಿ ಕಿರಣ. ಸೂರ್ಯ ಕೆಳಗಿದ್ದಾಗ ಬೆಳಕು ಓರೆಯಾಗಿ, ವಾತಾವರಣದ ದಪ್ಪ ಪದರ ದಾಟಿ ಬರುತ್ತೆ, ಈ ಕಿರಣ ಅಲ್ಲೇ ಸೋಸಿಹೋಗುತ್ತೆ. ಎಳೆ ಬಿಸಿಲು ಹಿತ, ಮನಸ್ಸಿಗೂ ಒಳ್ಳೆಯದು, ಆದರೆ ವಿಟಮಿನ್ ಡಿ ಲೆಕ್ಕಕ್ಕೆ ಬಹುತೇಕ ಸೊನ್ನೆ. ಇದಕ್ಕೆ ಗಡಿಯಾರಕ್ಕಿಂತ ನೆರಳು ನೋಡೋದು ಸುಲಭ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಕಿರಣ ಸಿಗ್ತಿದೆ, ಉದ್ದ ಇದ್ದರೆ ಹೆಚ್ಚೇನೂ ಸಿಗಲ್ಲ. ನಮ್ಮ ರಾಜ್ಯದಲ್ಲಿ ಅದು ಸುಮಾರು ಹತ್ತು, ಹತ್ತೂವರೆಯಿಂದ ಎರಡು, ಎರಡೂವರೆಯವರೆಗೆ. ಗಾಜಿನ ಕಿಟಕಿ ಹಿಂದೆ ಕೂತರೆ ಬೆಚ್ಚಗಾಗುತ್ತೆ ಅಷ್ಟೇ, ಈ ಕಿರಣವನ್ನು ಗಾಜು ತಡೆಯುತ್ತೆ. ಮುಖ ಅಂಗೈ ಸಾಲಲ್ಲ, ತೋಳು, ಕಾಲು, ಬೆನ್ನಿಗೆ ಬೀಳಬೇಕು. ನಮ್ಮ ಕಂದು ಚರ್ಮಕ್ಕೆ ಬಿಳಿ ಚರ್ಮದವರಿಗಿಂತ ಹೆಚ್ಚು ಹೊತ್ತು ಬೇಕು, ವಾರಕ್ಕೆ ನಾಲ್ಕೈದು ದಿನ ಇಪ್ಪತ್ತು ಮೂವತ್ತು ನಿಮಿಷ. ಚರ್ಮ ಉರಿಯೋವರೆಗೆ ನಿಲ್ಲಬೇಡಿ. ವಯಸ್ಸಾದ ಹಾಗೆ ಅದೇ ಬಿಸಿಲಲ್ಲೂ ಚರ್ಮ ಕಡಿಮೆ ತಯಾರಿಸುತ್ತೆ. ಸಾವಿತ್ರಮ್ಮ ಈಗ ಬಟ್ಟೆ ಒಣಹಾಕೋದು, ಹಪ್ಪಳ ಸಂಡಿಗೆ ನೋಡಿಕೊಳ್ಳೋದು ಎಲ್ಲ ಹನ್ನೊಂದು ಗಂಟೆಗೆ, ತಾರಸಿ ಮೇಲೆ, ತೋಳು ಮೇಲೆ ಮಡಿಚಿಕೊಂಡು.

ಮಟ್ಟ ಅಷ್ಟು ಕೆಳಗಿದ್ದಾಗ ಬಿಸಿಲೊಂದರಿಂದಲೇ ಬೇಗ ಮೇಲೆ ಬರಲ್ಲ. ಅವರಿಗೆ 60,000 ಯೂನಿಟ್‌ನ ಪುಡಿಯ ಪೊಟ್ಟಣ ವಾರಕ್ಕೊಂದರಂತೆ ಎಂಟು ವಾರ ಕೊಟ್ವಿ, ಆಮೇಲೆ ತಿಂಗಳಿಗೊಂದು. ತೊಂದರೆ ಆಗೋದು ಇಲ್ಲೇ. ಎಂಟು ವಾರ ಮುಗಿದ ಮೇಲೂ ‘ಶಕ್ತಿ ಬರುತ್ತೆ’ ಅಂತ ವಾರವಾರ ವರ್ಷಗಟ್ಟಲೆ ತಗೊಳ್ಳೋರಿದ್ದಾರೆ. ಕೆಲವರು ವಾರದ್ದನ್ನು ದಿನಾ ನುಂಗಿರ್ತಾರೆ. ಬಿಸಿಲಿನಿಂದ ವಿಟಮಿನ್ ಡಿ ಅತಿಯಾಗಲ್ಲ, ಪುಡಿಯಿಂದ ಆಗುತ್ತೆ. ವಾಂತಿ, ಅತಿ ಬಾಯಾರಿಕೆ, ಮಲಬದ್ಧತೆ, ಮಂಪರು ಶುರುವಾಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತೆ. ಕೊರತೆ ಇಲ್ಲದವರಿಗೆ ಇದರಿಂದ ಲಾಭವೂ ಇಲ್ಲ. ಅಮೆರಿಕದಲ್ಲಿ 25,000ಕ್ಕೂ ಹೆಚ್ಚು ಜನರ ಮೇಲೆ ನಡೆದ ವೈಟಲ್ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಕೊರತೆ ಇದೆಯೋ ಇಲ್ಲವೋ ನೋಡದೆ ಸೇರಿಸಿಕೊಂಡಿದ್ದ ಆರೋಗ್ಯವಂತರಿಗೆ ದಿನಾ 2000 ಯೂನಿಟ್ ಕೊಟ್ಟರೂ ಮೂಳೆ ಮುರಿತ ಕಡಿಮೆ ಆಗಲಿಲ್ಲ.

ಮೂರನೆಯದು ವ್ಯಾಯಾಮ. ನನ್ನ ಪ್ರಕಾರ ನಮ್ಮವರು ಅತಿ ಹೆಚ್ಚು ತಪ್ಪು ತಿಳಿದಿರೋದು ಇಲ್ಲೇ. ಗಗನಯಾತ್ರಿಗಳು ಬಾಹ್ಯಾಕಾಶದಲ್ಲಿ ಚೆನ್ನಾಗೇ ಊಟ ಮಾಡ್ತಾರೆ, ವಿಟಮಿನ್ ಡಿ ಮಾತ್ರೆಯೂ ತಗೊಳ್ತಾರೆ. ಆದರೂ ಸೊಂಟದ ಮೂಳೆಯಲ್ಲಿ ತಿಂಗಳಿಗೆ ಶೇ 1ರಿಂದ 1.5ರಷ್ಟು ಕಳಕೊಳ್ತಾರೆ, ಯಾಕೆಂದರೆ ಅಲ್ಲಿ ಭಾರವೇ ಇಲ್ಲ. ಮೂಳೆ ತನ್ನ ಮೇಲೆ ಭಾರ ಬಿದ್ದರೆ ಮಾತ್ರ ಗಟ್ಟಿಯಾಗೋದು, ಅದೂ ಅಭ್ಯಾಸ ಆಗಿರೋದಕ್ಕಿಂತ ಹೆಚ್ಚಿನ ಭಾರ. ವಾಕಿಂಗ್ ಅಭ್ಯಾಸ ಆದ ಭಾರ. ನಲವತ್ತು ನಿಮಿಷ ನಡೆದರೆ ಹೃದಯಕ್ಕೆ, ಶುಗರ್‌ಗೆ ಒಳ್ಳೆಯದು, ಬಿಡಬೇಡಿ. ಬೆನ್ನೆಲುಬಿನ ಸಾಂದ್ರತೆಗೆ ಮಾತ್ರ ಅದರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ.

ಆಸ್ಟ್ರೇಲಿಯಾದಲ್ಲಿ ಲಿಫ್ಟ್‌ಮೋರ್ ಅಂತ ಒಂದು ಅಧ್ಯಯನ ನಡೀತು. ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆ ಇದ್ದ 101 ಹೆಂಗಸರು. ಅರ್ಧ ಜನಕ್ಕೆ ವಾರಕ್ಕೆ ಎರಡೇ ದಿನ, ಅರ್ಧ ಗಂಟೆ, ತರಬೇತುದಾರರ ಕಣ್ಣೆದುರು ಭಾರ ಎತ್ತಿಸಿದರು, ಜಿಗಿದು ನಿಲ್ಲೋ ವ್ಯಾಯಾಮ ಮಾಡಿಸಿದರು. ಇನ್ನರ್ಧ ಜನ ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದರು. ಎಂಟು ತಿಂಗಳಾದ ಮೇಲೆ ಭಾರ ಎತ್ತಿದವರ ಬೆನ್ನಿನ ಸಾಂದ್ರತೆ ಶೇ 2.9ರಷ್ಟು ಏರಿತ್ತು, ಇನ್ನೊಂದು ಗುಂಪಿನದು ಶೇ 1.2ರಷ್ಟು ಇಳಿದಿತ್ತು. ಇದನ್ನು ಕೇಳಿ ಯಾರೂ ನಾಳೆಯೇ ಜಿಮ್‌ಗೆ ಹೋಗಿ ಭಾರ ಎತ್ತಬೇಡಿ. ಆ ಭಾರಕ್ಕೆ ಅವರನ್ನು ಹಂತ ಹಂತವಾಗಿ ತಂದಿದ್ದರು, ಪಕ್ಕದಲ್ಲಿ ತಿಳಿದವರು ನಿಂತಿದ್ದರು.

ಸಾವಿತ್ರಮ್ಮ ಶುರು ಮಾಡಿದ್ದು ಕುರ್ಚಿಯಿಂದ. ಕೈ ಊರದೆ ಎದ್ದು ಕೂರೋದು, ಹತ್ತು ಸಲ, ಮೂರು ಸುತ್ತು. ಅಡುಗೆಮನೆ ಕಟ್ಟೆ ಹಿಡಿದು ತುದಿಗಾಲಲ್ಲಿ ನಿಂತು ಹಿಮ್ಮಡಿ ಧಪ್ ಅಂತ ನೆಲಕ್ಕೆ ಬಿಡೋದು. ಬೋರಲು ಮಲಗಿ ತಲೆ ಎದೆ ಸ್ವಲ್ಪ ಮೇಲೆತ್ತೋದು, ಇದು ಬೆನ್ನಿನ ಸ್ನಾಯುವಿಗೆ. ಒಂಟಿ ಕಾಲಲ್ಲಿ ನಿಲ್ಲೋದು, ಇದು ಬೀಳದೇ ಇರೋಕೆ. ಮೂರು ತಿಂಗಳಾದ ಮೇಲೆ ಫಿಸಿಯೋಥೆರಪಿಸ್ಟ್ ಹತ್ತಿರ ಕೈಗೆ ಎರಡೆರಡು ಕೆಜಿ ಕೊಟ್ಟು, ಅಲ್ಲಿಂದ ಏರಿಸುತ್ತಾ ಹೋದರು.

ಒಂದು ಎಚ್ಚರಿಕೆ, ಇದನ್ನು ಯೋಗ ಮಾಡೋರು ಗಮನವಿಟ್ಟು ಕೇಳಿ. ಬೆನ್ನಿನ ಮೂಳೆ ಟೊಳ್ಳಾಗಿದ್ದರೆ ಸೊಂಟದಿಂದ ಮುಂದಕ್ಕೆ ಪೂರ್ತಿ ಬಾಗೋ ಆಸನ ಬೇಡ. ಪಾದಹಸ್ತಾಸನ, ಪಶ್ಚಿಮೋತ್ತಾನಾಸನ, ಸೂರ್ಯ ನಮಸ್ಕಾರದಲ್ಲಿ ಬಾಗುವ ಹಂತ, ಹಾಗೇ ಮಲಗಿ ಹೊಟ್ಟೆ ಮಡಿಚಿ ಏಳೋ ವ್ಯಾಯಾಮ. ಬಾಗಿದಾಗ ಭಾರವೆಲ್ಲ ಕಶೇರುಕದ ಮುಂಭಾಗದ ಅಂಚಿಗೆ ಬೀಳುತ್ತೆ, ಅದು ಕುಸಿಯುತ್ತೆ. 1984ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 59 ಹೆಂಗಸರ ಬಗ್ಗೆ ಬರೆದರು. ಬರೀ ಮುಂದಕ್ಕೆ ಬಾಗೋ ವ್ಯಾಯಾಮ ಮಾಡಿದವರಲ್ಲಿ ಶೇ 89 ಜನರಿಗೆ ಬೆನ್ನೆಲುಬಿನಲ್ಲಿ ಹೊಸ ಕುಸಿತ ಕಂಡಿತ್ತು, ಹಿಂದಕ್ಕೆ ಚಾಚೋ ವ್ಯಾಯಾಮ ಮಾಡಿದವರಲ್ಲಿ ಶೇ 16. ಸಣ್ಣ ಅಧ್ಯಯನ, ಹಳೆಯದು, ಆದರೆ ಆ ಅಂತರ ಕಡೆಗಣಿಸುವಂಥದ್ದಲ್ಲ. ಮನೆಯಲ್ಲೂ ಅಷ್ಟೇ. ಕೊಡಪಾನ ಎತ್ತುವಾಗ ಬೆನ್ನು ಬಗ್ಗಿಸದೆ ಮಂಡಿ ಮಡಿಚಿ, ಕೊಡವನ್ನು ಮೈಗೆ ಹತ್ತಿರ ಹಿಡಿದು ಏಳಬೇಕು. ಮೋಟು ಪೊರಕೆ ಬಿಟ್ಟು ಉದ್ದ ಹಿಡಿಯದ್ದು ತನ್ನಿ.

ಟಿ ಸ್ಕೋರ್ ಮೈನಸ್ 2.8, ಜೊತೆಗೆ ಒಂದು ಮೂಳೆ ಈಗಾಗಲೇ ಮುರಿದಿದೆ ಅಂದಾಗ ಊಟ, ಬಿಸಿಲು, ವ್ಯಾಯಾಮ ಮೂರೇ ಸಾಲಲ್ಲ, ಔಷಧಿ ಬೇಕು. ಥೈರಾಯ್ಡ್, ಪ್ಯಾರಾಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆ ಮಾಡಿಸಿ ಬೇರೆ ಕಾರಣ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ವಾರಕ್ಕೊಮ್ಮೆ ತಗೊಳ್ಳೋ ಅಲೆಂಡ್ರೊನೇಟ್ 70 ಮಿಲಿಗ್ರಾಂ ಶುರು ಮಾಡಿದ್ವಿ. ಕೆರೆಯೋ ಗುಂಪನ್ನು ಹಿಡಿದು ನಿಲ್ಲಿಸೋ ಮಾತ್ರೆ ಇದು. ಮೂರು ತಿಂಗಳಾದ ಮೇಲೆ ಬಂದಾಗ ‘ಹೇಗೆ ತಗೊಳ್ತೀರಮ್ಮ?’ ಅಂತ ಕೇಳಿದೆ. ‘ಭಾನುವಾರ ಬೆಳಿಗ್ಗೆ ಕಾಫಿ ಜೊತೆ ನುಂಗ್ಬಿಡ್ತೀನಿ’ ಅಂದರು. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತಗೊಂಡರೂ ಈ ಮಾತ್ರೆಯಲ್ಲಿ ದೇಹಕ್ಕೆ ಸೇರೋದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಕಾಫಿ ಜೊತೆ ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಹೋಗಿಬಿಡುತ್ತೆ, ಹಾಲು ತಿಂಡಿ ಜೊತೆ ಏನೂ ಉಳಿಯಲ್ಲ. ಎದ್ದ ತಕ್ಷಣ ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಏನೂ ತಿನ್ನದೆ, ಮಲಗದೆ ಇರಬೇಕು. ಮಲಗಿದರೆ ಅನ್ನನಾಳಕ್ಕೆ ಅಂಟಿ ಹುಣ್ಣಾಗುತ್ತೆ. ಅದು ಆಗಲ್ಲ ಅನ್ನೋರಿಗೆ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡೋ ಜೋಲೆಡ್ರೊನಿಕ್ ಆಸಿಡ್ ಇದೆ. ಆರು ತಿಂಗಳಿಗೊಮ್ಮೆ ಚುಚ್ಚೋ ಡೆನೊಸುಮಾಬ್ ಕೂಡ ಇದೆ. ಅದನ್ನು ಮಾತ್ರ ನಿಮ್ಮಷ್ಟಕ್ಕೆ ನಡುವೆ ನಿಲ್ಲಿಸಬೇಡಿ, ನಿಲ್ಲಿಸಿದ ಮೇಲೆ ನಷ್ಟ ವೇಗವಾಗಿ ವಾಪಸು ಬರುತ್ತೆ. ಹಲ್ಲು ಕೀಳಿಸೋದಿದ್ದರೆ ಈ ಔಷಧಿಗಳನ್ನು ಶುರು ಮಾಡೋಕೆ ಮೊದಲೇ ಮುಗಿಸಿಕೊಳ್ಳಿ.

ಎರಡು ವರ್ಷದ ನಂತರ ಅದೇ ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಿದಾಗ ಸಾವಿತ್ರಮ್ಮನವರ ಬೆನ್ನಿನ ಅಂಕಿ ಮೈನಸ್ 2.5 ಆಗಿತ್ತು, ಸೊಂಟ ಇದ್ದಲ್ಲೇ ಇತ್ತು. ಮೂಳೆ ಮತ್ತೆ ಇಪ್ಪತ್ತೈದರ ಹುಡುಗಿಯದಾಗಲ್ಲ. ಈ ವಯಸ್ಸಿನಲ್ಲಿ ಇಳಿಯದೇ ನಿಂತರೂ ಅದನ್ನು ನಾವು ಚಿಕಿತ್ಸೆ ಫಲಿಸಿತು ಅಂತಲೇ ಲೆಕ್ಕ ಹಾಕೋದು.

ಯಾರು ಸ್ಕ್ಯಾನ್ ಮಾಡಿಸಬೇಕು ಅಂತ ತುಂಬಾ ಜನ ಕೇಳ್ತೀರಿ. 65 ದಾಟಿದ ಹೆಂಗಸರು, 70 ದಾಟಿದ ಗಂಡಸರು ಒಮ್ಮೆ ಮಾಡಿಸಿ. ಐವತ್ತರ ನಂತರ ಸಣ್ಣ ಬೀಳುವಿಕೆಗೆ ಮೂಳೆ ಮುರಿದವರು, 45ಕ್ಕೂ ಮೊದಲೇ ಮುಟ್ಟು ನಿಂತವರು ಅಥವಾ ಅಂಡಾಶಯ ತೆಗೆಸಿಕೊಂಡವರು, ಮೂರು ತಿಂಗಳಿಗಿಂತ ಹೆಚ್ಚು ಸ್ಟೀರಾಯ್ಡ್ ಮಾತ್ರೆ ತಗೊಂಡವರು, ತಂದೆ ತಾಯಿಗೆ ಸೊಂಟ ಮುರಿದಿದ್ದವರು 65ರವರೆಗೆ ಕಾಯಬೇಡಿ. ವಯಸ್ಸಿನಲ್ಲಿದ್ದಾಗಿನ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಗಿಡ್ಡ ಆಗಿದ್ದರೆ, ಮೊದಲು ಕೈಗೆ ಸಿಗ್ತಿದ್ದ ಅಟ್ಟದ ಡಬ್ಬಿ ಈಗ ಸಿಗದಿದ್ದರೆ, ಬೆನ್ನಿನ ಎಕ್ಸ್‌ರೇ ಕೂಡ ಮಾಡಿಸಿ. ಗೊತ್ತಿಲ್ಲದೇ ಕಶೇರುಕ ಕುಸಿದಿರಬಹುದು. ಬಕೆಟ್ ಎತ್ತಿದಾಗಲೋ ಜೋರಾಗಿ ಕೆಮ್ಮಿದಾಗಲೋ ನಡುಬೆನ್ನಿನಲ್ಲಿ ಥಟ್ಟನೆ ನೋವು ಬಂದು, ಎದ್ದು ನಿಂತರೆ ಜಾಸ್ತಿ, ಮಲಗಿದರೆ ಕಡಿಮೆ ಆಗ್ತಿದ್ದರೆ, ಎಣ್ಣೆ ನೀವಿಸಿಕೊಳ್ಳೋಕೆ ಹೋಗಬೇಡಿ. ಮೊದಲು ವೈದ್ಯರ ಹತ್ತಿರ ಬನ್ನಿ.